ಕೈ ಕಾಯಬಾರದು: ವೈಟ್‌ಬೋರ್ಡ್ ಅನಿಮೇಷನ್‌ಗೆ ಸ್ಕ್ರಿಪ್ಟ್ ತಿದ್ದಿದ ಬಗೆ

ವೈಟ್‌ಬೋರ್ಡ್ ಅನಿಮೇಷನ್‌ನಲ್ಲಿ ಧ್ವನಿ ಹೇಳುತ್ತಾ ಹೋದಂತೆ ತೆರೆಯ ಮೇಲೆ ಒಂದು ಕೈ ಚಿತ್ರ ಬಿಡಿಸುತ್ತಾ ಹೋಗುತ್ತದೆ. ಕೋಲಾರದ ಟೊಮೆಟೊ ಬೆಳೆಗಾರರಿಗಾಗಿ ಹನಿ ನೀರಾವರಿಯ ಡ್ರಿಪ್ ಫಿಲ್ಟರ್ ಬಗ್ಗೆ ಮಾಡುತ್ತಿದ್ದ ಅಂಥದ್ದೊಂದು ವಿಡಿಯೊದ ಸ್ಕ್ರಿಪ್ಟ್‌ನಲ್ಲಿ ಈ ವಾಕ್ಯವಿತ್ತು: "ಬೋರ್‌ವೆಲ್ ನೀರಿನಲ್ಲಿ ಬರುವ ಮರಳು ಸಿಕ್ಕಿಕೊಂಡ ಡ್ರಿಪ್ಪರ್‌ಗಳಿರುವ ಸಾಲಿನ ಕೊನೆಯ ಗಿಡಗಳಿಗೆ ನೀರು ಸಿಗುವುದಿಲ್ಲ." ಓದಲು ತಪ್ಪಿಲ್ಲ, ಬಿಡಿಸಲು ಆಗುವುದಿಲ್ಲ. ಕನ್ನಡದಲ್ಲಿ ವಿಶೇಷಣವೆಲ್ಲ ಮೊದಲು, ಹೆಸರು ಆಮೇಲೆ, ಕ್ರಿಯಾಪದ ಕೊನೆಗೆ. "ಸಿಕ್ಕಿಕೊಂಡ" ಎಂದು ಕೇಳುವಾಗ ಎಲ್ಲಿ ಸಿಕ್ಕಿಕೊಂಡಿತು ಎಂಬುದಿನ್ನೂ ಬಂದಿರುವುದಿಲ್ಲ. ಪೆನ್ನು ಹಿಡಿದ ಕೈ ಸುಮ್ಮನೆ ಕಾಯುತ್ತದೆ, ಇಲ್ಲವೇ ಮಾತಿಗಿಂತ ಮುಂದೆ ಓಡುತ್ತದೆ.

ಹಾಗಾಗಿ ಬಿಡಿಸುವ ಕ್ರಮದಲ್ಲೇ ಹೀಗೆ ಬರೆದೆ: "ಇದು ಬೋರ್‌ವೆಲ್. ನೀರಿನ ಜೊತೆ ಮರಳೂ ಬರುತ್ತದೆ. ಪೈಪು ಸಾಲಿನ ಉದ್ದಕ್ಕೂ ಹೋಗುತ್ತದೆ. ಮರಳು ಡ್ರಿಪ್ಪರ್ ಮುಚ್ಚುತ್ತದೆ. ಕೊನೆಯ ಗಿಡ ಬಾಡುತ್ತದೆ." ಒಂದು ವಾಕ್ಯಕ್ಕೆ ಒಂದೇ ಹೊಸ ವಸ್ತು, ಅದೂ ಎಡದಿಂದ ಬಲಕ್ಕೆ. "ನೀರು ಸಿಗುವುದಿಲ್ಲ" ಎಂಬುದನ್ನು ಬೇಕೆಂದೇ ಬಿಟ್ಟೆ. ನಮ್ಮಲ್ಲಿ 'ಇಲ್ಲ' ಬರುವುದು ಕೊನೆಯಲ್ಲಿ. ಅಷ್ಟರಲ್ಲಿ ಕೈ ನೀರಿನ ಹನಿ ಬಿಡಿಸಿ ಮುಗಿಸಿರುತ್ತದೆ, ಮೇಲೆ ಕಾಟು ಹಾಕಿದರೂ ನೋಡುವವರ ನೆನಪಿನಲ್ಲಿ ಹನಿಯೇ ಉಳಿಯುತ್ತದೆ. ಬಾಡಿದ ಗಿಡವನ್ನಾದರೆ ನೇರವಾಗಿ ಬಿಡಿಸಬಹುದು. ಇದೇ ಕಾರಣಕ್ಕೆ "ಫಿಲ್ಟರ್ ತೊಳೆಯದೆ ನೀರು ಬಿಡಬೇಡಿ" ಎಂಬುದು "ಮೊದಲು ಫಿಲ್ಟರ್ ತೊಳೆಯಿರಿ, ಆಮೇಲೆ ನೀರು ಬಿಡಿ" ಎಂದಾಯಿತು.

ಆಮೇಲೆ ಸಮಯ. ನಾನು ನಿಮಿಷಕ್ಕೆ ಸುಮಾರು 90 ಪದ ಓದುತ್ತೇನೆ, ಅಂದರೆ ಮೂರು ಪದದ ವಾಕ್ಯಕ್ಕೆ 2 ಸೆಕೆಂಡ್. "ಮರಳು ಡ್ರಿಪ್ಪರ್ ಮುಚ್ಚುತ್ತದೆ" ಎಂಬುದು ಅಷ್ಟರಲ್ಲಿ ಮುಗಿಯುತ್ತದೆ, ಆದರೆ ಡ್ರಿಪ್ಪರನ್ನು ದೊಡ್ಡದಾಗಿ ಬಿಡಿಸಲು 6 ಸೆಕೆಂಡ್ ಬೇಕು. ಸಾಫ್ಟ್‌ವೇರ್‌ನಲ್ಲಿ ಚಿತ್ರವನ್ನು 2 ಸೆಕೆಂಡಿಗೆ ಒತ್ತಿದರೆ ಕೈ ಗೀಚಿದ ಹಾಗೆ ಕಾಣುತ್ತದೆ. ಮೌನ ತುಂಬಿದರೆ ಧ್ವನಿ ನಿಂತೇ ಹೋಯಿತು ಅನ್ನಿಸುತ್ತದೆ. ಮಾತನ್ನೇ ಹಿಗ್ಗಿಸಿದೆ: "ಡ್ರಿಪ್ಪರ್ ಒಳಗೆ ನೋಡಿ. ಇಲ್ಲೊಂದು ಸಣ್ಣ ತೂತಿದೆ. ಮರಳು ಬಂದು ಅದನ್ನು ಮುಚ್ಚುತ್ತದೆ." ಹತ್ತು ಪದ, ಸುಮಾರು ಆರೂವರೆ ಸೆಕೆಂಡ್. ಮೊದಲ ವಾಕ್ಯಕ್ಕೆ ಹೊರಗೆರೆ, ಎರಡನೆಯದಕ್ಕೆ ತೂತು, ಮೂರನೆಯದಕ್ಕೆ ಚುಕ್ಕಿಗಳು. ಸಾಫ್ಟ್‌ವೇರ್‌ಗೆ ಕೊಡುವ ಚಿತ್ರದ ಎಸ್‌ವಿಜಿ ಫೈಲಿನಲ್ಲಿಯೂ ಗೆರೆಗಳು ಇದೇ ಕ್ರಮದಲ್ಲಿರಬೇಕು. ಚುಕ್ಕಿಗಳ ಗೆರೆ ಫೈಲಿನಲ್ಲಿ ಮೊದಲಿದ್ದರೆ ತೂತಿಗಿಂತ ಮುಂಚೆ ಮರಳು ಮೂಡುತ್ತದೆ.

ಫಿಲ್ಟರ್ ಮಾತು ಬರುವುದು ಕೊನೆಗೆ, ಅದರ ಜಾಗವಿರುವುದು ಬೋರ್‌ವೆಲ್ ಪಕ್ಕದಲ್ಲಿ. ಅದಕ್ಕಾಗಿ ಮೊದಲೇ ಪೈಪಿನಲ್ಲಿ ಖಾಲಿ ಜಾಗ ಬಿಡಬೇಕು. "ಈಗ ಮತ್ತೆ ಬೋರ್‌ವೆಲ್ ಹತ್ತಿರ ಬನ್ನಿ" ಎಂಬ ವಾಕ್ಯವನ್ನು ಸೇರಿಸಿದ್ದು ಕೈ ಬಲತುದಿಯಿಂದ ಎಡಕ್ಕೆ ಮರಳುವ ಆ ಎರಡು ಮೂರು ಸೆಕೆಂಡಿಗಾಗಿ.

ಧ್ವನಿ ರೆಕಾರ್ಡ್ ಮಾಡುವ ಮೊದಲು ಒಬ್ಬರು ಓದಬೇಕು, ಇನ್ನೊಬ್ಬರು ಸ್ಕ್ರಿಪ್ಟ್ ನೋಡದೆ, ಕೇಳಿದ್ದನ್ನಷ್ಟೇ ಮಾರ್ಕರಿನಲ್ಲಿ ಬಿಡಿಸಬೇಕು. ಅವರ ಕೈ ಎಲ್ಲಿ ನಿಲ್ಲುತ್ತದೋ ಆ ವಾಕ್ಯದಲ್ಲಿ ಹೆಸರು ತಡವಾಗಿ ಬಂದಿರುತ್ತದೆ. ಅದನ್ನು ಒಡೆದು ಮತ್ತೆ ಓದಿಸುತ್ತೇನೆ.