‘ಸ್ಪೀಕರ್ ತೀರ್ಮಾನವೇ ಅಂತಿಮ’: ಹಾಗಿದ್ದೂ ಕೋರ್ಟ್ ಅದನ್ನು ರದ್ದು ಮಾಡುವುದು ಹೇಗೆ?

2010ರ ಅಕ್ಟೋಬರ್ 10, ಭಾನುವಾರ. ಮರುದಿನ ವಿಧಾನಸಭೆಯಲ್ಲಿ ಯಡಿಯೂರಪ್ಪ ಸರ್ಕಾರದ ವಿಶ್ವಾಸಮತ ಯಾಚನೆ ಇತ್ತು. ಆ ಭಾನುವಾರವೇ ಸ್ಪೀಕರ್ ಕೆ.ಜಿ. ಬೋಪಯ್ಯ ಅವರು ಬಿಜೆಪಿಯ 11 ಮತ್ತು ಪಕ್ಷೇತರರಾದ ಐವರು ಶಾಸಕರನ್ನು ಅನರ್ಹಗೊಳಿಸಿದರು. ಪಕ್ಷಾಂತರ ನಿಷೇಧದ ನಿಯಮಗಳಿರುವುದು ಸಂವಿಧಾನದ ಹತ್ತನೇ ಅನುಸೂಚಿಯಲ್ಲಿ. ಅದರ 6ನೇ ಪ್ಯಾರಾ, ಈ ವಿಷಯದಲ್ಲಿ ಸ್ಪೀಕರ್ ತೀರ್ಮಾನವೇ ಅಂತಿಮ ಎನ್ನುತ್ತದೆ. ಆದರೂ 2011ರ ಮೇ 13ರಂದು ಸುಪ್ರೀಂ ಕೋರ್ಟ್ ಆ ತೀರ್ಮಾನವನ್ನು ರದ್ದು ಮಾಡಿತು.

ಇದು ಶಾಸಕರಿಗಷ್ಟೇ ಸಂಬಂಧಪಟ್ಟ ವಿಚಾರವಲ್ಲ. ‘ಈ ಆದೇಶವೇ ಅಂತಿಮ’, ‘ಯಾವ ನ್ಯಾಯಾಲಯದಲ್ಲೂ ಪ್ರಶ್ನಿಸುವಂತಿಲ್ಲ’ ಎಂಬ ಸಾಲುಗಳು ಭೂಮಿ, ತೆರಿಗೆ, ಸುಂಕ ಹೀಗೆ ಹತ್ತಾರು ಕಾನೂನುಗಳಲ್ಲಿವೆ. ಅಂಥ ಆದೇಶ ಕೈಗೆ ಬಂದಾಗ ಯಾವುದನ್ನು ಮೊದಲು ನೋಡಬೇಕು, ಆಮೇಲೆ ಯಾವುದನ್ನು? ಸ್ಪೀಕರ್ ಪ್ರಕರಣವನ್ನೇ ಇಟ್ಟುಕೊಂಡು ನೋಡೋಣ. ಅದರಲ್ಲಿ ಎಲ್ಲ ಹೆಜ್ಜೆಗಳೂ ಸಿಗುತ್ತವೆ.

ಹೆಜ್ಜೆ 1: ಆ ಸಾಲು ನಿಜವಾಗಿ ಏನು ಹೇಳುತ್ತದೆ?

ಆದೇಶದ ಕೊನೆಯಲ್ಲಿ ಅಧಿಕಾರಿ ಬರೆದಿದ್ದನ್ನು ಬಿಡಿ, ಮೂಲ ಕಾಯ್ದೆಯ ಸೆಕ್ಷನ್ ತೆಗೆಯಿರಿ. ಅಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಮಾತು ಇರುತ್ತದೆ. ಒಂದು, ‘ತೀರ್ಮಾನ ಅಂತಿಮ’ ಎನ್ನುವುದು. ಇದರ ಅರ್ಥ ಇಷ್ಟೇ: ಆ ಕಾಯ್ದೆಯೊಳಗೆ ಇನ್ನು ಮೇಲ್ಮನವಿ ಇಲ್ಲ. ಇನ್ನೊಂದು, ‘ಯಾವ ನ್ಯಾಯಾಲಯಕ್ಕೂ ಅಧಿಕಾರವಿಲ್ಲ’ ಎನ್ನುವುದು. ಇದು ಜಾಸ್ತಿ ಬಿಗಿ, ಏಕೆಂದರೆ ಹೊರಗಿನ ಕೋರ್ಟನ್ನೇ ದೂರ ಇಡಲು ನೋಡುತ್ತದೆ.

ಹತ್ತನೇ ಅನುಸೂಚಿಯಲ್ಲಿ ಎರಡೂ ಇದ್ದವು. 1985ರಲ್ಲಿ 52ನೇ ತಿದ್ದುಪಡಿಯಿಂದ ಅದು ಬಂದಾಗ 6ನೇ ಪ್ಯಾರಾ ‘ಅಂತಿಮ’ ಎಂದಿತು. 7ನೇ ಪ್ಯಾರಾ ಇನ್ನೂ ಮುಂದೆ ಹೋಗಿ, ಸಂವಿಧಾನದಲ್ಲಿ ಏನೇ ಇದ್ದರೂ ಸದಸ್ಯರ ಅನರ್ಹತೆಗೆ ಸಂಬಂಧಿಸಿದ ಯಾವ ವಿಷಯದಲ್ಲೂ ಯಾವ ಕೋರ್ಟಿಗೂ ಅಧಿಕಾರವಿಲ್ಲ ಎಂದಿತು. ಬಾಗಿಲು ಹಾಕಿ ಅಗುಳಿಯನ್ನೂ ಜಡಿದ ಹಾಗೆ.

ಹೆಜ್ಜೆ 2: ಬಾಗಿಲು ಹಾಕಿದ್ದು ಯಾರು, ಯಾವ ಬಾಗಿಲು?

ಸಾಮಾನ್ಯ ಕಾಯ್ದೆಯೊಂದು ಸಿವಿಲ್ ಕೋರ್ಟಿನ ದಾರಿ ಮುಚ್ಚಬಹುದು. ಆದರೆ ಸಂವಿಧಾನದ 226ನೇ ವಿಧಿ ಹೈಕೋರ್ಟಿಗೆ ಕೊಟ್ಟ ರಿಟ್ ಅಧಿಕಾರವನ್ನು, ಅಂದರೆ ಅಧಿಕಾರಿ ಅಥವಾ ಮಂಡಳಿಯ ಆದೇಶವನ್ನು ಪರಿಶೀಲಿಸಿ ರದ್ದು ಮಾಡುವ ಅಧಿಕಾರವನ್ನು, ಅದು ಕಿತ್ತುಕೊಳ್ಳಲಾರದು. ನಮ್ಮ ಭೂಸುಧಾರಣೆಯಲ್ಲೇ ಇದನ್ನು ಕಂಡಿದ್ದೇವೆ. ಗೇಣಿದಾರರು ನಮೂನೆ 7 ತುಂಬಿ ಕೊಟ್ಟ ಅರ್ಜಿಗಳನ್ನು ಭೂ ನ್ಯಾಯಮಂಡಳಿ ತೀರ್ಮಾನಿಸಿತು. ಕರ್ನಾಟಕ ಭೂಸುಧಾರಣಾ ಕಾಯ್ದೆಯ 48-ಎ ಸೆಕ್ಷನ್ ಆ ಆದೇಶವನ್ನು ಅಂತಿಮ ಎಂದಿತು. ಗೇಣಿಯ ಪ್ರಶ್ನೆಗೆ ಸಿವಿಲ್ ಕೋರ್ಟಿನ ದಾರಿಯೂ ಮುಚ್ಚಿತ್ತು. ಆದರೆ ಮಂಡಳಿಯ ಆದೇಶಗಳ ಮೇಲೆ ಹೈಕೋರ್ಟಿಗೆ ರಿಟ್ ಅರ್ಜಿಗಳು ಹೋಗುತ್ತಲೇ ಇದ್ದವು.

ಸಿವಿಲ್ ಕೋರ್ಟಿನ ಬಾಗಿಲೂ ಯಾವಾಗಲೂ ಪೂರ್ತಿ ಮುಚ್ಚಿರುವುದಿಲ್ಲ. 1940ರಲ್ಲಿ, ಆಗ ಭಾರತದ ಪ್ರಕರಣಗಳಿಗೆ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಮುಂದೆ ಮಾಸ್ಕ್ ಅಂಡ್ ಕಂಪನಿಯ ಪ್ರಕರಣ ಬಂತು. ಜಗಳ ಅಡಿಕೆಯ ಆಮದು ಸುಂಕದ್ದು. ಸುಂಕದ ಕಾಯ್ದೆ ‘ಅಂತಿಮ’ ಎಂದಿದ್ದರಿಂದ ಕಂಪನಿ ಸೋತಿತು. ಆದರೆ ಕಾಯ್ದೆಯ ನಿಯಮವನ್ನೇ ಪಾಲಿಸದಿದ್ದರೆ, ಅಥವಾ ವಿಚಾರಣೆಯ ಮೂಲ ತತ್ವಗಳನ್ನೇ ಮುರಿದರೆ ಸಿವಿಲ್ ಕೋರ್ಟ್ ನೋಡಬಹುದು ಎಂಬ ಮಾತು ಆ ತೀರ್ಪಿನಲ್ಲಿ ಉಳಿಯಿತು. 1968ರಲ್ಲಿ ಧುಲಾಭಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಬಿಡಿಸಿ ಹೇಳಿತು. ಕಾಯ್ದೆಯೊಳಗೇ ತಕ್ಕ ಪರಿಹಾರ ಇದೆಯೇ ಎಂಬುದು ಅಲ್ಲಿ ಮುಖ್ಯ ಪ್ರಶ್ನೆ. ಇದ್ದರೆ ದಾವೆ ನಿಲ್ಲುವುದು ಕಷ್ಟ.

ಆದರೆ ಬಾಗಿಲು ಹಾಕಿದ್ದು ಸಂವಿಧಾನವೇ ಆದರೆ? 7ನೇ ಪ್ಯಾರಾದ ತೊಡಕು ಇದೇ ಆಗಿತ್ತು. ಕಿಹೋಟೊ ಹೊಲ್ಲೋಹನ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಇದಕ್ಕೆ ಉತ್ತರ ಹುಡುಕಿತು. 1992ರ ಫೆಬ್ರುವರಿಯಲ್ಲಿ ಕಾರಣಗಳ ಸಮೇತ ತೀರ್ಪು ಹೊರಬಂತು. ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟಿನ ಅಧಿಕಾರಕ್ಕೆ ಕೈ ಹಾಕುವ ತಿದ್ದುಪಡಿಗೆ ಸಂಸತ್ತು ಒಪ್ಪಿದರೆ ಸಾಲದು, ಕಡೇಪಕ್ಷ ಅರ್ಧದಷ್ಟು ರಾಜ್ಯಗಳ ಶಾಸನಸಭೆಗಳೂ ಒಪ್ಪಬೇಕು. 7ನೇ ಪ್ಯಾರಾಕ್ಕೆ ಆ ಒಪ್ಪಿಗೆ ಸಿಕ್ಕಿರಲಿಲ್ಲ. ಹಾಗಾಗಿ ಅದು ಬಿದ್ದುಹೋಯಿತು. ಇಡೀ ಅನುಸೂಚಿಯೇ ಬೀಳಬೇಕೆಂದು ಇಬ್ಬರು ನ್ಯಾಯಮೂರ್ತಿಗಳು ಹೇಳಿದರು. ಉಳಿದ ಮೂವರು 7ನೇ ಪ್ಯಾರಾವನ್ನಷ್ಟೇ ಕತ್ತರಿಸಿ ಉಳಿದುದನ್ನು ಉಳಿಸಿಕೊಂಡರು.

6ನೇ ಪ್ಯಾರಾದ ‘ಅಂತಿಮ’ ಮಾತ್ರ ಹಾಗೇ ಉಳಿಯಿತು. ಅನರ್ಹತೆಯ ಅರ್ಜಿ ತೀರ್ಮಾನಿಸುವಾಗ ಸ್ಪೀಕರ್ ಒಂದು ನ್ಯಾಯಮಂಡಳಿಯಂತೆ ಕೆಲಸ ಮಾಡುತ್ತಾರೆ, ಆದ್ದರಿಂದ ನಾಲ್ಕು ಕಾರಣಗಳಿಗೆ ಅವರ ತೀರ್ಮಾನವನ್ನು ಪರಿಶೀಲಿಸಬಹುದು ಎಂದಿತು ಕೋರ್ಟ್: ಸಂವಿಧಾನದ ಆದೇಶ ಮೀರಿದ್ದು, ದುರುದ್ದೇಶ, ಎದುರಿನವರ ಮಾತನ್ನು ನ್ಯಾಯವಾಗಿ ಕೇಳಿಯೇ ತೀರ್ಮಾನಿಸಬೇಕೆಂಬ ಸಹಜ ನ್ಯಾಯದ ಉಲ್ಲಂಘನೆ, ಮತ್ತು ಆಧಾರವೇ ಇಲ್ಲದ ವಿಪರೀತ ತೀರ್ಮಾನ.

ಹೆಜ್ಜೆ 3: ತೀರ್ಮಾನ ಬರುವವರೆಗೆ ಕಾಯಿರಿ, ಬಂದ ಮೇಲೆ ಕಾಯಬೇಡಿ

ನೋಟಿಸ್ ಬಂತು ಅಂತ ತಕ್ಷಣ ಕೋರ್ಟಿಗೆ ಓಡಿದರೆ ಸಾಮಾನ್ಯವಾಗಿ ವಾಪಸ್ ಕಳಿಸುತ್ತಾರೆ. ಸ್ಪೀಕರ್ ತೀರ್ಮಾನಕ್ಕೆ ಮುಂಚೆ ಕೋರ್ಟ್ ಮಧ್ಯೆ ಬರುವುದಿಲ್ಲ ಎಂದು ಹೊಲ್ಲೋಹನ್ ತೀರ್ಪೇ ಹೇಳಿದೆ. ಅಷ್ಟರಲ್ಲಿ ಸರಿಪಡಿಸಲಾಗದ ಗಂಭೀರ ಪರಿಣಾಮ ಆಗುವಂತಿದ್ದರೆ ಮಾತ್ರ ಬೇರೆ ಮಾತು. ಆದರೆ ನೋಟಿಸಿಗೆ ಉತ್ತರ ಕೊಡದೆ ಕೂರಬೇಡಿ. ‘ದಾಖಲೆಯ ಪ್ರತಿ ಕೊಡಿ’, ‘ಸಮಯ ಸಾಲದು’ ಎಂಬುದನ್ನೆಲ್ಲ ಬರವಣಿಗೆಯಲ್ಲಿ ಕೇಳಿ. ನಾಳೆ ರಿಟ್ ಅರ್ಜಿ ನಿಲ್ಲುವುದು ಈ ಕಾಗದಗಳ ಮೇಲೆಯೇ.

ತೀರ್ಮಾನ ಬಂದ ಮೇಲೆ ಮೊದಲ ಮೆಟ್ಟಿಲು ಹೈಕೋರ್ಟ್. ರಿಟ್ ಅರ್ಜಿಗೆ ಇಷ್ಟೇ ದಿನ ಎಂಬ ಗಡುವು ಸಂವಿಧಾನದಲ್ಲಿಲ್ಲ. ಹಾಗಂತ ಸುಮ್ನೆ ಕೂತರೆ ವಿಳಂಬದ ಕಾರಣಕ್ಕೇ ಅರ್ಜಿ ಹೋಗಬಹುದು.

ಹೆಜ್ಜೆ 4: ‘ತಪ್ಪು’ ಅನ್ನಬೇಡಿ, ಎಂಥ ತಪ್ಪು ಎಂದು ತೋರಿಸಿ

ಜಾಸ್ತಿ ಅರ್ಜಿಗಳು ಸೋಲುವುದು ಇಲ್ಲೇ. ‘ಸಾಕ್ಷ್ಯವನ್ನು ಸರಿಯಾಗಿ ತೂಗಲಿಲ್ಲ’ ಎಂಬುದು ಮೇಲ್ಮನವಿಯ ವಾದ. ಕಾಯ್ದೆ ಮೇಲ್ಮನವಿ ಕೊಟ್ಟಿಲ್ಲ, ‘ಅಂತಿಮ’ ಎಂಬ ಮಾತು ನಿಜವಾಗಿ ತಡೆಯುವುದು ಅದನ್ನೇ. ಹಾಗಾಗಿ ತೀರ್ಮಾನ ಇಷ್ಟವಾಯಿತೋ ಇಲ್ಲವೋ ಎಂಬುದನ್ನು ಬಿಟ್ಟು, ಅದನ್ನು ತೆಗೆದುಕೊಂಡ ರೀತಿಯನ್ನು ಮತ್ತು ಅದಕ್ಕಿದ್ದ ಅಧಿಕಾರವನ್ನು ಕೆದಕಬೇಕು.

2010ರ ಕಡತ ಬಿಡಿಸಿ ನೋಡೋಣ. ಅಕ್ಟೋಬರ್ 6ರಂದು ಬಿಜೆಪಿಯ 13 ಶಾಸಕರು ರಾಜ್ಯಪಾಲರಿಗೆ ಪತ್ರ ಕೊಟ್ಟರು. ಯಡಿಯೂರಪ್ಪ ನೇತೃತ್ವದ ಸರ್ಕಾರಕ್ಕೆ ಬೆಂಬಲ ವಾಪಸ್ ಎಂದು ಅದರಲ್ಲಿತ್ತು. ಅವರನ್ನು ಅನರ್ಹಗೊಳಿಸಬೇಕೆಂದು ಮುಖ್ಯಮಂತ್ರಿ ಸ್ಪೀಕರ್‌ಗೆ ದೂರು ಕೊಟ್ಟರು. 7ರಂದು ನೋಟಿಸ್ ಹೊರಟಿತು. ಊರಲ್ಲಿಲ್ಲದ ಶಾಸಕರ ಮನೆ ಬಾಗಿಲಿಗೆ ಅದನ್ನು ಅಂಟಿಸಲಾಯಿತು. ಉತ್ತರಕ್ಕೆ ಗಡುವು 10ರ ಸಂಜೆ 5 ಗಂಟೆ. ಅಂದೇ ಆದೇಶವೂ ಬಂತು. ಅಷ್ಟರಲ್ಲಿ ಇಬ್ಬರು ಮನಸ್ಸು ಬದಲಿಸಿದ್ದರಿಂದ 13 ಹೋಗಿ 11 ಆಗಿತ್ತು.

ಕರ್ನಾಟಕ ವಿಧಾನಸಭೆಯ 1986ರ ನಿಯಮಗಳ ಪ್ರಕಾರ ಉತ್ತರಕ್ಕೆ ಏಳು ದಿನ ಇರಬೇಕು. ಇಲ್ಲಿ ಸಿಕ್ಕಿದ್ದು ಮೂರು. ಗೆಲುವು ಖಚಿತ ಅನ್ನಿಸುತ್ತೆ, ಅಲ್ವಾ? ಅಷ್ಟು ಸುಲಭವಿಲ್ಲ. ನಿಯಮದ ವಿಧಾನದಲ್ಲಿ ಆದ ಲೋಪವೊಂದೇ ಸಾಲದು ಎಂದು 1994ರಲ್ಲಿ ಗೋವಾದ ರವಿ ನಾಯ್ಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿತ್ತು. ಆ ಲೋಪದಿಂದ ನಿಜವಾದ ಅನ್ಯಾಯ ಆಗಿದೆ ಎಂದು ತೋರಿಸಬೇಕು.

ಇಲ್ಲಿ ಅದು ಸಿಕ್ಕಿತು. ಪಕ್ಷದ ರಾಜ್ಯಾಧ್ಯಕ್ಷರು ಮತ್ತು ಇಬ್ಬರು ಶಾಸಕರು ಸಲ್ಲಿಸಿದ ಅಫಿಡವಿಟ್‌ಗಳನ್ನು ಸ್ಪೀಕರ್ ಆಧಾರವಾಗಿ ಬಳಸಿದ್ದರು. ಆರೋಪ ಹೊತ್ತವರಿಗೆ ಅವುಗಳ ಪ್ರತಿಯನ್ನೇ ಕೊಟ್ಟಿರಲಿಲ್ಲ. ತಮ್ಮ ವಿರುದ್ಧ ಏನಿದೆ ಎಂದೇ ತಿಳಿಯದವರು ಉತ್ತರ ಕೊಡುವುದು ಹೇಗೆ? ಮೂರೇ ದಿನದ ಗಡುವು ಮತ್ತು ಮರುದಿನದ ವಿಶ್ವಾಸಮತ ಇದರ ಜೊತೆ ಸೇರಿದಾಗ ಆ ಆತುರಕ್ಕೆ ಬೇರೆಯದೇ ಬಣ್ಣ ಬಂತು.

ಇನ್ನೊಂದು ಪೆಟ್ಟು ಅಧಿಕಾರದ ಬುಡಕ್ಕೇ ಬಿತ್ತು. ಶಾಸಕ ಸ್ವಇಚ್ಛೆಯಿಂದ ತನ್ನ ಪಕ್ಷದ ಸದಸ್ಯತ್ವ ಬಿಟ್ಟಿದ್ದರೆ ಮಾತ್ರ ಈ ಅನರ್ಹತೆ ಅನ್ವಯಿಸುತ್ತದೆ. ಇವರು ಹೇಳಿದ್ದು, ನಾವು ಬಿಜೆಪಿ ಬಿಟ್ಟಿಲ್ಲ, ಈ ಮುಖ್ಯಮಂತ್ರಿ ಬೇಡ, ಪಕ್ಷದ ಬೇರೆ ನಾಯಕರಾದರೆ ಬೆಂಬಲಿಸುತ್ತೇವೆ ಎಂದು. ಒಬ್ಬ ನಾಯಕರ ವಿರುದ್ಧ ತಿರುಗಿಬೀಳುವುದು ಪಕ್ಷ ಬಿಟ್ಟಂತೆ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಒಪ್ಪಿತು. ನನಗೆ ಕಾಣುವಂತೆ ಇಡೀ ಪ್ರಕರಣದ ಗಟ್ಟಿ ವಾದ ಇದೇ. ನೋಟಿಸಿನ ದಿನಗಳ ಲೆಕ್ಕ ಅದಕ್ಕೆ ಊರುಗೋಲಾಯಿತು, ಅಷ್ಟೇ.

ಅದೇ ಗಡುವಿನ ವಾದ 2019ರಲ್ಲಿ ಗೆಲ್ಲಲಿಲ್ಲ. ಆಗ ಸ್ಪೀಕರ್ ಕೆ.ಆರ್. ರಮೇಶ್ ಕುಮಾರ್ ಅವರು 17 ಶಾಸಕರನ್ನು ಅನರ್ಹಗೊಳಿಸಿದ್ದರು. ನೋಟಿಸಿಗೆ ಸಮಯ ಸಾಲಲಿಲ್ಲ ಎಂಬ ಮಾತು ಅಲ್ಲೂ ಬಂತು. ಆ ಪ್ರಕರಣದ ಸಂಗತಿಗಳಲ್ಲಿ ಅನ್ಯಾಯ ಆಗಿಲ್ಲ ಎಂದ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು. ಹೈಕೋರ್ಟ್ ಬಿಟ್ಟು ನೇರವಾಗಿ ಸುಪ್ರೀಂ ಕೋರ್ಟಿಗೆ ಬಂದಿದ್ದೂ ಅದಕ್ಕೆ ಹಿಡಿಸಲಿಲ್ಲ.

ಹೆಜ್ಜೆ 5: ಆದೇಶವನ್ನು ತುಂಡು ಮಾಡಿ ನೋಡಿ

ಆದರೆ 2019ರ ಆ ಶಾಸಕರು ಪೂರ್ತಿ ಸೋಲಲಿಲ್ಲ. ಸ್ಪೀಕರ್ ಆದೇಶದಲ್ಲಿ ಎರಡು ಭಾಗ ಇತ್ತು: ಇವರು ಅನರ್ಹರು, ಮತ್ತು ಆ ವಿಧಾನಸಭೆಯ ಅವಧಿ ಮುಗಿಯುವವರೆಗೂ ಅನರ್ಹರು. ಎರಡನೆಯದನ್ನು ಹೇಳುವ ಅಧಿಕಾರ ಸ್ಪೀಕರ್‌ಗೆ ಎಲ್ಲಿಂದ ಬಂತು? ಎಲ್ಲಿಂದಲೂ ಇಲ್ಲ. ಆ ಭಾಗವನ್ನು ನವೆಂಬರ್ 13ರಂದು ಕೋರ್ಟ್ ಕತ್ತರಿಸಿ ಹಾಕಿತು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಅವರಿಗೆ ಸ್ಪರ್ಧೆಯ ದಾರಿ ತೆರೆಯಿತು.

ನಿಮ್ಮ ಕೈಗೆ ಬಂದ ಆದೇಶವನ್ನೂ ಹೀಗೇ ಓದಿ. ಪ್ರತಿ ಸಾಲಿನ ಎದುರು, ಇದನ್ನು ಹೇಳುವ ಅಧಿಕಾರ ಯಾವ ಸೆಕ್ಷನ್ನಿನಲ್ಲಿದೆ ಎಂದು ಬರೆದುಕೊಳ್ಳಿ. ಸೆಕ್ಷನ್ ಸಿಗದ ಸಾಲಿಗೆ ‘ಅಂತಿಮ’ ಎಂಬ ರಕ್ಷಣೆ ಇಲ್ಲ.

ಹಾಗೆಯೇ ಏನು ಕೇಳುತ್ತೀರಿ ಎಂಬುದನ್ನೂ ಸ್ಪಷ್ಟ ಮಾಡಿಕೊಳ್ಳಿ. ಸಹಜ ನ್ಯಾಯದ ಲೋಪವಷ್ಟೇ ಇದ್ದರೆ ಕೋರ್ಟ್ ಹೆಚ್ಚಾಗಿ ಆದೇಶ ರದ್ದು ಮಾಡಿ, ಮತ್ತೆ ವಿಚಾರಣೆ ಮಾಡಿ ಎಂದು ಅದೇ ಅಧಿಕಾರಿಗೆ ವಾಪಸ್ ಕಳಿಸುತ್ತದೆ. ಈ ಬಾರಿ ಪ್ರತಿಗಳನ್ನೆಲ್ಲ ಕೊಟ್ಟು, ಅವರು ಮೊದಲಿನ ಆದೇಶವನ್ನೇ ಬರೆಯಬಹುದು.

ಮಧ್ಯಂತರ ತಡೆಯಾಜ್ಞೆಯನ್ನಂತೂ ಮೊದಲ ದಿನವೇ ಕೇಳಬೇಕು. ಏಕೆಂದರೆ 11 ಶಾಸಕರು ಗೆದ್ದದ್ದು ಏಳು ತಿಂಗಳ ಮೇಲೆ. ಅವರು ಸದನದ ಹೊರಗಿದ್ದಾಗಲೇ, 2010ರ ಅಕ್ಟೋಬರ್ 14ರಂದು ಮತ್ತೊಮ್ಮೆ ನಡೆದ ಮತದಾನದಲ್ಲಿ, ಸರ್ಕಾರ 106–100 ಮತಗಳಿಂದ ವಿಶ್ವಾಸಮತ ಗೆದ್ದಾಗಿತ್ತು. ತೀರ್ಪಿನಿಂದ ಶಾಸಕ ಸ್ಥಾನ ವಾಪಸ್ ಬಂತು. ಆ ದಿನದ ಮತ ಎಣಿಕೆ ಮಾತ್ರ ಹಾಗೇ ಉಳಿಯಿತು.