ಜುಲೈಯಲ್ಲಿ ಎರಡು ಸಲ, ಸೆಪ್ಟೆಂಬರಿನಲ್ಲಿ ಇಲ್ಲವೇ ಇಲ್ಲ: ಮುಟ್ಟಿನ ಲೆಕ್ಕ ಕಲಿಸಿದ ನನ್ನ ಅನುಭವ

ಮಂಜೇಶ್ವರ ತಾಲೂಕಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ಆರೋಗ್ಯ ತರಗತಿ ನಡೆಸಲು ಹೊರಟ ಮೊದಲ ಎರಡು ವರ್ಷ ನನಗೆ ಸೋಲೇ. ಕೈಯಿಂದ ಎರಡೂವರೆ ಸಾವಿರ ರೂಪಾಯಿಯಷ್ಟು ಹಾಕಿ ಮಂಗಳೂರಿನಲ್ಲಿ ಬಣ್ಣದ ಚಿತ್ರಪಟ ಅಚ್ಚು ಮಾಡಿಸಿದ್ದೆ. 'ಅನಿಯಮಿತ ಋತುಸ್ರಾವ' ಎಂದು ನಾನು ಓದಿದ ಕೂಡಲೇ ತಲೆಗಳೆಲ್ಲ ಬಗ್ಗುತ್ತಿದ್ದವು. ಮನೆಯಲ್ಲಿ ಒಬ್ಬಳಿಗೆ ತುಳು, ಒಬ್ಬಳಿಗೆ ಹವ್ಯಕ ಕನ್ನಡ, ಇನ್ನೊಬ್ಬಳಿಗೆ ಮಲಯಾಳ. ಆ ಪದ ಎಲ್ಲರಿಗೂ ಪರೀಕ್ಷೆಯ ಪದವೇ. 'ಮಲಯಾಳದ ಕರಪತ್ರ ಇದೆಯಲ್ಲ, ಅದನ್ನೇ ಹಂಚಿ, ಸಾಕು' ಎಂದು ಜೊತೆಯವರೇ ಹೇಳಿದರು.

ನಾನು ಬದಲಿಸಿದ್ದು ಮಾತನ್ನು. 'ಮುಟ್ಟು' ಎಂದು ನೇರವಾಗಿ ಹೇಳತೊಡಗಿದೆ. 'ಮುಟ್ಟು ನಿಂತಿದೆ' ಎಂದರೆ ನಮ್ಮಲ್ಲಿ ಬಸುರಿ ಎಂದೇ ಅರ್ಥ. 'ತಪ್ಪಿದೆ' ಎಂದರೆ ತಪ್ಪು ತನ್ನದೇ ಎಂದು ಹುಡುಗಿಗೆ ಅನ್ನಿಸುತ್ತದೆ. ಹಾಗಾಗಿ 'ತಡವಾಗಿದೆ', 'ಬೇಗ ಬಂದಿದೆ' ಎರಡೇ ಸಾಕು ಎಂದು ನಿರ್ಧರಿಸಿದೆ. ರಕ್ತದ ಹೆಪ್ಪನ್ನು ಒಮ್ಮೆ 'ಗಡ್ಡೆ' ಎಂದುಬಿಟ್ಟಿದ್ದೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಕ್ಯಾನ್ಸರ್ ಎಂದುಕೊಂಡು ಮೂರು ದಿನ ಊಟ ಬಿಟ್ಟಳು. ಅಂದಿನಿಂದ 'ಹೆಪ್ಪು' ಎಂದಷ್ಟೇ ಹೇಳುತ್ತೇನೆ.

ಎರಡನೆಯ ಬದಲಾವಣೆ ಸಣ್ಣ ಪುಸ್ತಕ. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಎಂದರೆ ಯಾರೂ ಹಾಕುವುದಿಲ್ಲ. ಅಣ್ಣ, ಅಪ್ಪ ಎಲ್ಲರೂ ನೋಡುವ ಜಾಗ ಅದು. ಹತ್ತು ರೂಪಾಯಿಯ ಕಿರುಪುಸ್ತಕ ಕೊಟ್ಟು, ರಕ್ತ ಕಾಣಿಸಿದ ಮೊದಲ ದಿನದ ತಾರೀಕನ್ನೂ ಎಷ್ಟು ದಿನ ಹೋಯಿತು ಎಂಬುದನ್ನೂ ಮಾತ್ರ ಬರೆಯಲು ಹೇಳಿದೆ. ನಲವತ್ತು ಪುಸ್ತಕಗಳಲ್ಲಿ ಮೂವತ್ತರಷ್ಟು ತುಂಬಿ ಬಂದವು. ಚಿತ್ರಪಟ ಮಾಡದ ಕೆಲಸವನ್ನು ನಾನೂರು ರೂಪಾಯಿ ಮಾಡಿತು.

ಒಬ್ಬಳ ಪುಸ್ತಕ ಈಗಲೂ ಕಣ್ಣ ಮುಂದಿದೆ. ಹದಿಮೂರು ದಾಟಿದ ಹುಡುಗಿ, ಮುಟ್ಟು ಆರಂಭವಾಗಿ ಒಂದೂವರೆ ವರ್ಷ. ತಾಯಿ ಗಾಬರಿಯಿಂದ ಬಂದಿದ್ದರು. 'ಜುಲೈಯಲ್ಲಿ ಎರಡು ಸಲ ಆಯಿತು ಸಿಸ್ಟರ್, ಸೆಪ್ಟೆಂಬರಿನಲ್ಲಿ ಇಲ್ಲವೇ ಇಲ್ಲ. ಸ್ಕ್ಯಾನ್ ಮಾಡಿಸಬೇಕಂತೆ.' ಪುಸ್ತಕದಲ್ಲಿ ಇದ್ದದ್ದು ನಾಲ್ಕು ತಾರೀಕು: ಜುಲೈ 2, ಜುಲೈ 26, ಆಗಸ್ಟ್ 30, ಅಕ್ಟೋಬರ್ 10. ತಾಯಿಯ ಎದುರಿಗೇ ಮಗಳ ಕೈಯಲ್ಲಿ ಎಣಿಸಿಸಿದೆ. 24 ದಿನ, 35 ದಿನ, 41 ದಿನ. ಪ್ರತಿ ಸಲ ಐದು ದಿನ ಸ್ರಾವ. ಮೊದಲ ಎರಡು ಮೂರು ವರ್ಷಗಳಲ್ಲಿ 21ರಿಂದ 45 ದಿನಗಳ ನಡುವೆ ಬಂದರೆ ಅದು ಸಹಜ. ಆ ವಯಸ್ಸಿನಲ್ಲಿ ಅಂಡಾಶಯದಿಂದ ಅಂಡ ಪ್ರತಿ ಸಲವೂ ಬಿಡುಗಡೆಯಾಗುವುದಿಲ್ಲ, ಆದ್ದರಿಂದ ದಿನ ಹಿಂದುಮುಂದಾಗುತ್ತದೆ. ಕೆಟ್ಟ ರಕ್ತ ಒಳಗೇ ಉಳಿಯಿತು ಎಂಬ ಭಯಕ್ಕೂ ಆಧಾರವಿಲ್ಲ. ತಾಯಿಯೂ ಮಗಳೂ ದಿನ ಎಣಿಸದೆ ತಿಂಗಳ ಹೆಸರು ನೋಡುತ್ತಿದ್ದರು. ಕಾಯಿಲೆ ಇರಲಿಲ್ಲ, ಎಣಿಕೆ ಬೇರೆಯಾಗಿತ್ತು. ಸ್ಕ್ಯಾನಿನ ಹಣ ಆ ಮನೆಯಲ್ಲೇ ಉಳಿಯಿತು. ಇದನ್ನು ಹೇಳಿಕೊಳ್ಳಲು ನನಗೆ ಹೆಮ್ಮೆಯೇ.

ಸ್ರಾವ ಎಷ್ಟು ಎಂದು ಕೇಳಿದರೆ 'ತುಂಬಾ' ಎನ್ನುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಅದಕ್ಕಾಗಿ ಪುನರ್ಪುಳಿ ರಸ ತಂದೆ. ಮೊದಲ ದಿನ ಸಕ್ಕರೆ ಹಾಕಿದ ಮಂದ ರಸ ಪ್ಯಾಡಿನ ಮೇಲೆಯೇ ನಿಂತಿತು, ಪ್ರಯೋಗ ಕೆಟ್ಟಿತು. ಮರುವಾರ ಸಿಪ್ಪೆ ನೆನೆಸಿದ ತಿಳಿನೀರು ತಂದೆ. ಒಂದು ಚಮಚ ಸುರಿದಾಗ ಕಲೆ ಹರಡಿತು. 'ತುಂಬಿತು' ಎಂದರು. ಇನ್ನೊಂದು ಚಮಚ ಸುರಿದೆ, ಅದನ್ನೂ ಹೀರಿತು. ಒಂದು ಮುಟ್ಟಿನಲ್ಲಿ ಹೋಗುವುದು ಸಾಮಾನ್ಯವಾಗಿ 30–40 ಮಿಲಿಲೀಟರ್ ಎಂದು ಔಷಧಿಯ ಅಳತೆ ಮುಚ್ಚಳದಲ್ಲಿ ತೋರಿಸಿದಾಗ ತರಗತಿ ಸುಮ್ಮನಾಯಿತು. ಪ್ಯಾಡು ಪೂರ್ತಿ ಒದ್ದೆಯಾಗಿ ಗಂಟೆ ಎರಡು ಗಂಟೆಗೊಮ್ಮೆ ಬದಲಿಸಬೇಕಾದರೆ ಅದು ಹೆಚ್ಚು. ಏಳು ದಿನ ದಾಟಿದರೂ ಹೆಚ್ಚೇ.

ತಡವಾದದ್ದಕ್ಕೆ ಗರ್ಭವೂ ಕಾರಣವಿರಬಹುದು. ಆ ಪ್ರಶ್ನೆಯನ್ನು ಹುಡುಗಿ ಒಬ್ಬಳೇ ಇದ್ದಾಗ ಕೇಳುತ್ತೇನೆ. ಯಾವ ಮಾತಿನಿಂದ ಆರಂಭಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ಕಾಗದದಲ್ಲಿ ಬಂದರೆ ಬಾಯಿಪಾಠವಾಗಿಬಿಡುತ್ತದೆ.

ಒಂದು ಮುಟ್ಟಿಗೂ ಮುಂದಿನದಕ್ಕೂ ನಡುವೆ ಒಮ್ಮೆಯಾದರೂ ತೊಂಬತ್ತು ದಿನ ದಾಟಿದರೆ, ಅಥವಾ ಹದಿನೈದು ತುಂಬಿದರೂ ಮುಟ್ಟು ಬಾರದಿದ್ದರೆ ನಾನು ಸಮಾಧಾನ ಹೇಳುವುದಿಲ್ಲ, ಡಾಕ್ಟರ ಬಳಿ ಕಳಿಸುತ್ತೇನೆ. ಅದೇ ಶಾಲೆಯ ಇನ್ನೊಬ್ಬಳ ಪುಸ್ತಕದಲ್ಲಿ ದಿನಗಳ ಅಂತರ ಸರಿಯಾಗಿ 28, 30 ಇತ್ತು. ಎಲ್ಲರೂ ಅವಳನ್ನು ಸರಿ ಎಂದುಕೊಂಡಿದ್ದರು. ಪಕ್ಕದಲ್ಲಿ ಅವಳೇ ಬರೆದಿದ್ದಳು: '11 ದಿನ', '12 ದಿನ'. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ, ಬಿಳಿಚಿತ್ತು. ಹಿಮೋಗ್ಲೋಬಿನ್ ಎಂಟರ ಆಸುಪಾಸು ಬಂತು. ಶಾಲೆಯಲ್ಲಿ ವಾರಕ್ಕೊಂದು ಕೊಡುವ ಕಬ್ಬಿಣಾಂಶದ ನೀಲಿ ಗುಳಿಗೆ ಅವಳಿಗೆ ಸಾಲುವುದಿಲ್ಲ ಎಂದು ಡಾಕ್ಟರರು ದಿನವೂ ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟು, ರಕ್ತ ಹೆಪ್ಪುಗಟ್ಟುವ ಪರೀಕ್ಷೆಗೂ ಕಳಿಸಿದರು. ಹೋಗುವಾಗ ಅವಳು ಆ ಕಿರುಪುಸ್ತಕವನ್ನೂ ಚೀಟಿಯ ಜೊತೆ ತೆಗೆದುಕೊಂಡು ಹೋದಳು.