ಕಂಪ್ಯೂಟರ್ ಇಳಿಸಿಕೊಳ್ಳುವಾಗಲೇ ಸೀರಿಯಲ್ ನಂಬರ್ ಪಟ್ಟಿ ಕೇಳಿ

ಶಾಲೆಗೋ ಸಹಕಾರ ಸಂಘಕ್ಕೋ ಹತ್ತು ಕಂಪ್ಯೂಟರ್ ಬರುತ್ತವೆ. ಬಿಲ್‌ನಲ್ಲಿ ‘ಡೆಸ್ಕ್‌ಟಾಪ್ 10, ವಾರಂಟಿ 3 ವರ್ಷ’ ಅಂತ ಒಂದೇ ಸಾಲು. ಎರಡನೇ ವರ್ಷ ಒಂದು ಕೆಟ್ಟಾಗ ಫೋನ್ ಮಾಡಿದರೆ, ವಾರಂಟಿ ಮುಗಿದಿದೆ ಎಂಬ ಉತ್ತರ ಬರಬಹುದು. ಕಂಪನಿಯವರು ಮೊದಲು ನೋಡುವುದು ಸೀರಿಯಲ್ ನಂಬರನ್ನು, ನಿಮ್ಮ ಬಿಲ್ಲನ್ನಲ್ಲ. ಅನೇಕ ಮಾದರಿಗಳಿಗೆ ಕಂಪನಿ ಕೊಡುವುದು ಒಂದೇ ವರ್ಷ. ಉಳಿದ ಎರಡು ವರ್ಷವನ್ನು ಡೀಲರ್ ಬೇರೆಯಾಗಿ ಕೊಂಡು, ಅದೇ ನಂಬರಿಗೆ ನೋಂದಾಯಿಸಬೇಕು. ಅದು ಮರೆತುಹೋಗುವುದೇ ಜಾಸ್ತಿ.

1. ಆರ್ಡರ್‌ನಲ್ಲೇ ಹೀಗೆ ಬರೆಯಿರಿ: ‘ಪ್ರತಿ ಸಿಪಿಯು, ಮಾನಿಟರ್ ಮತ್ತು ಯುಪಿಎಸ್‌ನ ಸೀರಿಯಲ್ ನಂಬರ್ ಬಿಲ್‌ನಲ್ಲಿರಬೇಕು. ವಾರಂಟಿ ನಮ್ಮ ಸಂಸ್ಥೆಯ ಹೆಸರು, ಇಮೇಲ್‌ನಲ್ಲಿ ನೋಂದಣಿಯಾದ ಮೇಲೆ ಕೊನೆಯ ಕಂತು.’ ಹಣ ಪೂರ್ತಿ ಕೊಟ್ಟ ಮೇಲೆ ಕೇಳಿದರೆ ‘ನಾಳೆ ಕಳಿಸ್ತೀನಿ ಸಾರ್’ ಎನ್ನುವುದು ತಿಂಗಳುಗಟ್ಟಲೆ ನಡೆಯುತ್ತದೆ. ಪಟ್ಟಿಯನ್ನು ಎಕ್ಸೆಲ್‌ನಲ್ಲೇ ಕೇಳಿ. ವಾಟ್ಸ್ಆ್ಯಪ್ ಫೋಟೊದಿಂದ ಬರೆದುಕೊಳ್ಳುವಾಗ 8 ಹೋಗಿ B ಆಗುತ್ತದೆ, ಸೊನ್ನೆ ಹೋಗಿ O ಆಗುತ್ತದೆ.

2. ಮಾಲು ಬಂದ ದಿನ ತಾಳೆ ನೋಡಿ. ಹೆಚ್ಚಿನವರು ಎಡವುವುದು ಇಲ್ಲೇ. ಡಬ್ಬದ ಮೇಲಿನ ನಂಬರ್ ಮಾತ್ರ ನೋಡಿ ಸಹಿ ಹಾಕಬೇಡಿ. ಡಬ್ಬ ಅದಲುಬದಲಾಗಿರಬಹುದು. ಸಿಪಿಯು ಹಿಂದೆ ಅಂಟಿಸಿದ ಚೀಟಿಯನ್ನೂ ಓದಿ. ಅಲ್ಲಿ ‘ಪ್ರಾಡಕ್ಟ್ ನಂಬರ್’ ಎಂದೂ ಇರುತ್ತದೆ. ಅದು ಮಾದರಿಯದ್ದು, ಹತ್ತಕ್ಕೂ ಒಂದೇ. ನಿಮಗೆ ಬೇಕಾದದ್ದು S/N ಎದುರಿನದ್ದು. ಆಮೇಲೆ ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಇದನ್ನು ಟೈಪ್ ಮಾಡಿ:

```
(Get-CimInstance Win32_BIOS).SerialNumber
```

ಪಟ್ಟಿ, ಚೀಟಿ, ಪರದೆ ಮೂರೂ ಹೊಂದಬೇಕು. ಬ್ರಾಂಡೆಡ್ ಎಂದು ಕೊಂಡ ಯಂತ್ರದಲ್ಲಿ ನಂಬರಿನ ಬದಲು ‘Default string’ ಅಂತ ಬಂದರೆ ಸಹಿ ಹಾಕುವ ಮೊದಲು ಕಾರಣ ಕೇಳಿ. ಮದರ್‌ಬೋರ್ಡ್ ಬದಲಾಗಿರಬಹುದು. ಅಂಗಡಿಯಲ್ಲೇ ಜೋಡಿಸಿದ ಕಂಪ್ಯೂಟರ್‌ನಲ್ಲಿ ಹಾಗೆ ಬರುವುದು ಮಾಮೂಲು. ಅದಕ್ಕೆ ಮದರ್‌ಬೋರ್ಡ್, ಎಸ್‌ಎಸ್‌ಡಿ, ಎಸ್‌ಎಂಪಿಎಸ್‌ನ ನಂಬರ್‌ಗಳನ್ನು ಬೇರೆ ಬೇರೆಯಾಗಿ ಬರೆಸಿಕೊಳ್ಳಿ.

3. ಕಂಪನಿಯ ವೆಬ್‌ಸೈಟ್‌ನಲ್ಲಿ ಪ್ರತಿ ನಂಬರ್ ಹಾಕಿ ನೋಡಿ. ಒಂದೆರಡನ್ನು ನೋಡಿ ಸುಮ್ನೆ ಆಗಬೇಡಿ. ವಾರಂಟಿ ಮುಗಿಯುವ ದಿನ ಮತ್ತು ‘ಆನ್‌ಸೈಟ್’, ಅಂದರೆ ರಿಪೇರಿಗೆ ಅವರೇ ನಿಮ್ಮಲ್ಲಿಗೆ ಬರುವ ಸೌಲಭ್ಯ, ಇದೆಯೋ ಇಲ್ಲವೋ ಗಮನಿಸಿ. ಯಂತ್ರ ಕಾರ್ಖಾನೆ ಬಿಟ್ಟ ದಿನದಿಂದಲೇ ವಾರಂಟಿ ಎಣಿಸುವುದುಂಟು. ಬಿಲ್ ಮಾಡಿದ್ದು ಜೂನ್ 10ಕ್ಕೆ, ವೆಬ್‌ಸೈಟ್‌ನಲ್ಲಿ ಶುರು ಫೆಬ್ರುವರಿ 2 ಎಂದಿದ್ದರೆ ನಾಲ್ಕು ತಿಂಗಳು ಗೋದಾಮಿನಲ್ಲೇ ಕಳೆದುಹೋಯಿತು, ಅಲ್ವಾ? ಬಿಲ್ ಪ್ರತಿ ಕಳಿಸಿ ದಿನಾಂಕ ಸರಿಪಡಿಸಲು ಕಂಪನಿಗೆ ಬರೆಯಿರಿ. ನಂಬರ್ ಬಿಲ್‌ನಲ್ಲೇ ಇದ್ದರೆ ಈ ಕೆಲಸ ಸಲೀಸು.

4. ನೋಂದಣಿಯನ್ನು ಡೀಲರ್ ತನ್ನ ಮೊಬೈಲ್ ನಂಬರಿಗೆ ಮಾಡಲು ಬಿಡಬೇಡಿ. ನಾಳೆ ಒಟಿಪಿ ಅವರಿಗೆ ಹೋಗುತ್ತದೆ. ಗುಮಾಸ್ತರ ಸ್ವಂತ ನಂಬರೂ ಬೇಡ, ವರ್ಗವಾದರೆ ಮತ್ತೆ ತೊಂದರೆ. ಸಂಸ್ಥೆಯ ಇಮೇಲ್ ಕೊಡಿ. ಎರಡು ವರ್ಷದ ವಿಸ್ತರಣೆಯ ಪ್ರಮಾಣಪತ್ರ ಅದಕ್ಕೇ ಬರಲಿ, ಬಂದ ಮೇಲೆ ಕೊನೆಯ ಕಂತಿನ ಚೆಕ್ ಬರೆಯಿರಿ.